ಶಿಳ್ಳೆ ಮೇಡಂ ಮೂಗಿನ ಸಿಪ್ಪೆ

ನಮ್ಮ ಸ್ಟುಡಿಯೋದಲ್ಲಿ ಫೋಟೊ ತೆಗೆಯುವವಳು ನಾನು, ತಿದ್ದುವವನು ನನ್ನ ಅಣ್ಣ. ಅವನಿಗೆ ಭೂತಗನ್ನಡಿ ಎಂಬ ಅಡ್ಡಹೆಸರು ಯಾರು ಇಟ್ಟರೋ ಗೊತ್ತಿಲ್ಲ, ಆದರೆ ಹೇಳಿಮಾಡಿಸಿದ ಹಾಗಿದೆ. ಮಾನಿಟರಿನ ಮುಂದೆ ಕೂತನೆಂದರೆ ಒಬ್ಬರ ಮೂಗಿನ ತುದಿ ಪರದೆ ತುಂಬ ಹರಡಿಕೊಂಡಿರುತ್ತದೆ. ಊಟಕ್ಕೆ ಕರೆದರೆ, "ಈ ಕೆನ್ನೆ ದಾಟಿ ಬಂದ್ಬಿಡ್ತೀನಿ" ಅನ್ನುತ್ತಾನೆ.

ಗಿರಾಕಿಗಳು ಬಂದು "ಸಾರ್, ಚರ್ಮ ಕನ್ನಡಿ ಥರ ಮಾಡಿಕೊಡಿ" ಎಂದರೆ ಅವನು ಜಗಳವಾಡುವುದಿಲ್ಲ. ತಲೆಯಾಡಿಸಿ, ತನಗೆ ಸರಿ ಕಂಡಷ್ಟೇ ಮಾಡಿ ಕಳಿಸುತ್ತಾನೆ. ಅವರೂ ಚೆನ್ನಾಗಿದೆ ಎಂದೇ ಒಯ್ಯುತ್ತಾರೆ. ಅಷ್ಟು ಹದವಾದ ಕೈ. ಆ ಕೈ ಹದ ತಪ್ಪಿದ್ದನ್ನು ನಾನು ಒಂದೇ ಸಲ ನೋಡಿದ್ದೇನೆ, ಅದೂ ಅವನ ಹೆಂಡತಿಯ ಮುಖದ ಮೇಲೆ.

ಅತ್ತಿಗೆ ಈಜು ಕಲಿಸುವವರು. ಊರಿನ ಬಯಲು ಈಜುಕೊಳದಲ್ಲಿ ಎರಡು ತಲೆಮಾರಿನ ಮಕ್ಕಳು ಅವರ ಶಿಳ್ಳೆಗೆ ಹೆದರಿ ನೀರಿಗೆ ಧುಮುಕಿದ್ದಾರೆ. ಅವರನ್ನು ಎಲ್ಲರೂ ಕರೆಯುವುದೇ ಶಿಳ್ಳೆ ಮೇಡಂ ಎಂದು. ನಮ್ಮಣ್ಣನಿಗೋ ಬಕೆಟ್ಟಿನ ನೀರು ಕಂಡರೂ ಅಳುಕು. ಇಬ್ಬರಿಗೂ ಹೇಗೆ ಹೊಂದಿಕೆಯಾಯಿತೋ ಎಂದು ಅಮ್ಮ ಈಗಲೂ ಆಶ್ಚರ್ಯಪಡುತ್ತಾಳೆ.

ಕೊಳಕ್ಕೆ ಹೊಸ ಬಾಗಿಲು, ಹೊಸ ಬಣ್ಣ ಆಗಿತ್ತು. ಭಾನುವಾರ ಮತ್ತೆ ತೆರೆಯುವಾಗ ಮೇಡಂ ಅವರ ದೊಡ್ಡ ಫೋಟೊ ಒಳಬಾಗಿಲಲ್ಲಿ ಇರಬೇಕು ಎಂದು ಮಕ್ಕಳ ಅಪ್ಪ ಅಮ್ಮಂದಿರು ಹಟ ಹಿಡಿದರು. ಅತ್ತಿಗೆ ಕೊನೆಗೂ ಒಪ್ಪಿ ನನ್ನ ಕ್ಯಾಮೆರಾ ಮುಂದೆ ಕೂತದ್ದು, ಬೇರೆ ಊರಿನ ಕೆರೆಯಲ್ಲಿ ಮಕ್ಕಳ ಇಡೀ ದಿನದ ಈಜು ಸ್ಪರ್ಧೆ ಮುಗಿಸಿ ಬಂದ ಮೂರ್ನಾಲ್ಕು ದಿನದ ಮೇಲೆ. ನೆರಳೇ ಇಲ್ಲದ ದಡದಲ್ಲಿ ನಿಂತು ಬಂದಿದ್ದರು. ಮೂಗು, ಕೆನ್ನೆಯ ಮೇಲೆ ಚರ್ಮ ಸುಟ್ಟು ಸಿಪ್ಪೆ ಏಳುತ್ತಿತ್ತು. ಸಿಪ್ಪೆ ಉದುರಿದಲ್ಲೆಲ್ಲ ಎಳೆಗೆಂಪು. ತುಟಿ ಒಡೆದಿತ್ತು. ಗಲ್ಲದ ಪಕ್ಕ ಒಣಗಿ ಬೂದಿ ಬಳಿದಂಥ ಒಂದು ತೇಪೆ.

"ವಾಸಿಯಾಗೋವರೆಗೂ ಕಾಯೋಣ ಅಂದ್ರೆ ಭಾನುವಾರ ಕಾಯಲ್ಲ. ತೆಗಿ ನೀನು. ನಿಮ್ಮಣ್ಣ ಇಲ್ವಾ" ಎಂದರು.

ನಾನು ಪಕ್ಕದಿಂದ ಬೆಳಕು ಕೊಟ್ಟಿದ್ದೆ. ಅವರ ಮುಖಕ್ಕೆ ಅದೇ ಚೆಂದ. ಆದರೆ ಪಕ್ಕದ ಬೆಳಕು ಚಾಡಿಕೋರ ಇದ್ದ ಹಾಗೆ, ಒಂದೊಂದು ಸಿಪ್ಪೆಯ ಅಂಚನ್ನೂ ಎತ್ತಿ ತೋರಿಸಿತ್ತು.

ಅಣ್ಣ ಆ ಫೋಟೊ ತೆರೆದವನೇ ತುಟಿಯ ಹತ್ತಿರ ದೊಡ್ಡದು ಮಾಡಿದ. ಮನೆಯಲ್ಲಿ ದಿನಾ ನೋಡುವ ಮುಖವೇ. ಆದರೆ ತುಟಿಯ ಬಿರುಕಿನ ತಳದಲ್ಲಿ ಒಣಗಿದ್ದ ರಕ್ತದ ಗೆರೆ ಪರದೆ ಮೇಲೆ ಬೆರಳಿನಷ್ಟು ದಪ್ಪಗೆ ಕಂಡಿತು.

"ಇಷ್ಟು ಉರೀತಿದ್ರೂ ಒಂದು ಮಾತು ಹೇಳಿಲ್ಲ ನೋಡು ಇವಳು" ಎಂದ, ನನಗೋ ಪರದೆಗೋ ಗೊತ್ತಾಗಲಿಲ್ಲ.

ಮರುದಿನ ಪರೀಕ್ಷೆಗೆಂದು ಸಣ್ಣ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟ. ಸಿಪ್ಪೆ ಇಲ್ಲ, ಕೆಂಪಿಲ್ಲ, ಬಿರುಕಿಲ್ಲ. ಬೇರೆಯವರ ಮುಖಕ್ಕೆ ಎಂದೂ ಮುಟ್ಟಿಸದ, ಎಲ್ಲವನ್ನೂ ಮಸುಕಾಗಿಸುವ ಕಂಪ್ಯೂಟರ್ ಬ್ರಷ್ಷನ್ನು ಇಡೀ ಮುಖದ ಮೇಲೆ ಆಡಿಸಿದ್ದ. ಚರ್ಮದ ರಂಧ್ರಗಳೂ ಮಾಯ. ಕೆನ್ನೆ ಆಗತಾನೇ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು.

ಅಷ್ಟರಲ್ಲಿ ಒದ್ದೆ ಕೂದಲಿನ ಅತ್ತಿಗೆ ಒಳಗೆ ಬಂದರು. ಪ್ರಿಂಟ್ ಕೈಗೆತ್ತಿಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು.

"ರೀ, ಯಾರ ಮನೆ ಹುಡುಗಿ ಇವಳು?"

"ನೀನೇ ಕಣೆ."

"ನಾನಲ್ಲಪ್ಪ. ಇವಳಿಗೆ ಈಜು ಕಲಿಸೋದೇ ಬೇಡ ಬಿಡಿ. ಮೇಣದ ಗೊಂಬೆ, ತಾನಾಗೇ ತೇಲುತ್ತೆ."

ನಾನು ನಕ್ಕುಬಿಟ್ಟೆ. ಅಣ್ಣ ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅವನಿಗೆ ಬೇಜಾರಾದರೆ ಕನ್ನಡಕ ಫಳಫಳ ಆಗುತ್ತದೆ.

"ಒಂದೊಂದೇ ತೆಗೀತಾ ಹೋದೆ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗ್ಲಿಲ್ಲ" ಎಂದ ಮೆಲ್ಲಗೆ. "ನೋಡೋಕಾಗ್ತಿರ್ಲಿಲ್ಲ ನನಗೆ."

ಅತ್ತಿಗೆ ಒಂದು ಸ್ಟೂಲ್ ಎಳೆದು ಅವನ ಪಕ್ಕ ಕೂತರು. "ಮೊದಲಿಂದ ಮಾಡಿ. ನಾನು ಇಲ್ಲೇ ಇರ್ತೀನಿ. ಉರಿಯೋದು ನನ್ನ ಮೂಗು, ಫೋಟೊದ್ದಲ್ಲ."

ಅಣ್ಣ ಮೂಲ ಫೋಟೊವನ್ನೇ ಮತ್ತೆ ತೆರೆದ. ಅದರ ಮೇಲೆ ಖಾಲಿ ಪದರವೊಂದನ್ನು ಹಾಕಿದ, ಏನು ಮಾಡಿದರೂ ಕೆಳಗಿನದು ಕೆಡದಿರಲೆಂದು. ಬ್ರಷ್ಷನ್ನು ಸಿಪ್ಪೆಗಿಂತ ಒಂಚೂರು ದೊಡ್ಡದು ಮಾಡಿಕೊಂಡ. ಮೂಗಿನ ಸಿಪ್ಪೆಗೆ ಮೂಗಿನದೇ ಚರ್ಮ, ಅದೂ ಅದೇ ಬೆಳಕು ಬಿದ್ದ ಪಕ್ಕದ ಜಾಗದಿಂದ ತೆಗೆದು ತುಂಬಿದ. ಕೆನ್ನೆಯದನ್ನು ತಂದು ಮೂಗಿಗೆ ಹಾಕಿದರೆ ರಂಧ್ರಗಳ ಗಾತ್ರ ಹೊಂದುವುದಿಲ್ಲ, ತೇಪೆ ಎದ್ದು ಕಾಣುತ್ತದೆ.

"ಇದು?" ಎಂದು ಪ್ರತಿ ಗುರುತಿಗೂ ಕೇಳುತ್ತಿದ್ದ.

"ಅದು ಮುಂದಿನ ವಾರ ಇರಲ್ಲ, ತೆಗೀರಿ."

"ಹುಬ್ಬಿನ ಕೆಳಗಿನ ಗಾಯದ ಕಲೆ?"

"ಅದು ಕೊಳದ ಮೆಟ್ಟಿಲು ಕೊಟ್ಟಿದ್ದು. ಇರ್ಲಿ."

ಸಿಪ್ಪೆ ಹೋದ ಮೇಲೂ ಕೆಂಪು ಉಳಿದಿತ್ತು. ಅದನ್ನು ಒರೆಸಲಿಲ್ಲ. ಬಣ್ಣವನ್ನಷ್ಟೇ ಬದಲಿಸುವ ಇನ್ನೊಂದು ಪದರ ಹಾಕಿ, ಪಕ್ಕದ ಚರ್ಮದ ಬಣ್ಣವನ್ನು ತೆಳ್ಳಗೆ ಸವರಿದ. ಕೆಂಪು ತಗ್ಗಿತು, ಅಡಿಯಲ್ಲಿದ್ದ ರಂಧ್ರ, ಸಣ್ಣ ರೋಮ ಹಾಗೇ ಉಳಿದವು. ಗಲ್ಲದ ಒಣ ತೇಪೆಯಲ್ಲಿ ಬ್ರಷ್ಷನ್ನು ಬಿಳಿಚುಕ್ಕೆಗಳನ್ನು ಮಾತ್ರ ಮುಟ್ಟುವ ಹಾಗೆ ಇಟ್ಟುಕೊಂಡ. ಸುತ್ತಲಿಗಿಂತ ಬೆಳ್ಳಗಿದ್ದದ್ದು ಮಾತ್ರ ಚರ್ಮದ ಬಣ್ಣಕ್ಕಿಳಿದು ಅದರೊಳಗೆ ಸೇರಿಹೋಯಿತು, ಮಿಕ್ಕದ್ದು ಅಲುಗಲಿಲ್ಲ.

ತುಟಿಗೆ ಬಂದಾಗ ಕೈ ನಿಧಾನವಾಯಿತು. ತುಟಿಯ ಗೆರೆಗಳು ಮೇಲಿಂದ ಕೆಳಕ್ಕೆ ಓಡುತ್ತವಲ್ಲ, ಅವನ ಬ್ರಷ್ಷೂ ಅದೇ ದಾರಿ ಹಿಡಿಯಿತು. ಎದ್ದ ಸಿಪ್ಪೆಯ ಬಿಳಿ ಅಂಚು ತೆಗೆದ. ರಕ್ತದ ಗೆರೆ ತೆಗೆದ. ಬಿರುಕನ್ನು ಪೂರ್ತಿ ಮುಚ್ಚದೆ, ಅದರ ಕಪ್ಪನ್ನಷ್ಟೇ ತಿಳಿ ಮಾಡಿ ಉಳಿದ ಗೆರೆಗಳ ಜೊತೆ ಒಂದು ಗೆರೆಯಾಗಿ ಬಿಟ್ಟ. ಆಗಾಗ ಚಿತ್ರವನ್ನು ಚಿಕ್ಕದು ಮಾಡಿ ಕುರ್ಚಿ ಹಿಂದೆ ಸರಿಸಿ ನೋಡುತ್ತಿದ್ದ. ಹತ್ತಿರದಿಂದ ನೋಡುತ್ತಲೇ ಇದ್ದರೆ ಕೈ ಅತಿಯಾಗುತ್ತದೆ ಎಂಬುದು ಅವನು ನನಗೆ ಹೇಳಿಕೊಟ್ಟ ಪಾಠವೇ.

ಕೊನೆಗೆ ಕಣ್ಣಿನ ಸುತ್ತ ಬಂದ. ಈಜುವ ಕನ್ನಡಕ ಹಾಕಿ ಹಾಕಿ ಅತ್ತಿಗೆಯ ಕಣ್ಣ ಸುತ್ತ ಚರ್ಮ ಬೆಳ್ಳಗೆ, ಎರಡು ಉಂಗುರ. ಹಿಂದಿನ ದಿನ ಅದನ್ನೂ ಮುಖದ ಬಣ್ಣಕ್ಕೆ ಸಮ ಮಾಡಿಬಿಟ್ಟಿದ್ದ. ಮೊದಲ ಪ್ರಿಂಟಿನಲ್ಲಿ ಅವರು ಬೇರೆ ಯಾರೋ ಆಗಿದ್ದು ಅಲ್ಲೇ ಎಂದು ನನಗೆ ಆಗ ಹೊಳೆಯಿತು.

"ಇದು ಇರ್ಲಾ?"

"ನೀವೇ ಹೇಳಿ."

ಅಣ್ಣ ಪರದೆ ಬಿಟ್ಟು ಪಕ್ಕಕ್ಕೆ ತಿರುಗಿ ಅವರನ್ನೇ ನೋಡಿದ. "ಮದುವೆಗೆ ಮುಂಚೆ ಮೊದಲನೇ ಸಲ ನೋಡಿದಾಗ್ಲೂ ಇತ್ತು. ಗೂಬೆ ಥರ ಇದಾಳೆ ಅಂದ್ಕೊಂಡಿದ್ದೆ."

"ಇಷ್ಟು ವರ್ಷ ಆದ್ಮೇಲೆ ಬಾಯಿ ಬಿಟ್ರಿ" ಎಂದು ಅತ್ತಿಗೆ ಅವನ ತೋಳಿಗೊಂದು ಕೊಟ್ಟರು. ನಗಲು ಹೋಗಿ ತುಟಿ ಎಳೆದು "ಸ್ಸ್" ಎಂದರು. ಅಣ್ಣ ಎದ್ದು ಹೋಗಿ, ನನ್ನ ಮೇಕಪ್ ಡಬ್ಬಿಯಿಂದ ವ್ಯಾಸಲೀನ್ ಹುಡುಕಿ ತಂದು ಅವರ ಕೈಗಿಟ್ಟ.

ಭಾನುವಾರ ಫೋಟೊ ಒಳಬಾಗಿಲಲ್ಲಿ ನೇತಾಡಿತು. ಕೊಳದ ಕಾವಲುಗಾರರು ಅದರ ಮುಂದೆ ನಿಂತು ಬಹಳ ಹೊತ್ತು ನೋಡಿ, "ಮೇಡಂ ಶಿಳ್ಳೆ ಊದೋಕ್ ಮುಂಚೆ ಹೀಗೇ ನೋಡೋದು" ಎಂದರು. ತಿದ್ದಿದ್ದಾರೆ ಎಂದು ಯಾರೂ ಹೇಳಲಿಲ್ಲ. ಓಡಿ ಬಂದ ಮಕ್ಕಳು ಅದರ ಮುಂದೆ ಓಟ ನಿಲ್ಲಿಸಿ ನಡೆದರು.

ಅಂದು ಅಣ್ಣನೂ ಬಂದಿದ್ದ. ನೀರಿನಿಂದ ಸಾಕಷ್ಟು ದೂರ, ಗೋಡೆಗೆ ಒರಗಿಕೊಂಡು ನಿಂತಿದ್ದ. ಒಂದು ಕೈಯಲ್ಲಿ ಅಗಲ ಅಂಚಿನ ಹೊಸ ಟೋಪಿ, ಇನ್ನೊಂದರಲ್ಲಿ ಬಿಸಿಲಿಗೆ ಹಚ್ಚುವ ಕ್ರೀಮಿನ ಟ್ಯೂಬು. ಅತ್ತಿಗೆ ಮಕ್ಕಳ ಸಾಲು ನಿಲ್ಲಿಸಿ ಅವನತ್ತ ಬಂದು, ಎಲ್ಲರೆದುರೇ ಮುಖ ಮುಂದೆ ಮಾಡಿ ನಿಂತರು. ಅವನು ಕ್ರೀಮನ್ನು ಮೂಗಿನ ಮೇಲೆ ಹಚ್ಚತೊಡಗಿದ, ಅಂಚಿನವರೆಗೂ, ಒಂಚೂರೂ ಬಿಡದೆ. ಹಿಂದೆ ಮಕ್ಕಳು ಕಿಸಿಕಿಸಿ ನಗುತ್ತಿದ್ದರು. ಅತ್ತಿಗೆ ತಿರುಗದೆಯೇ ಶಿಳ್ಳೆ ಊದಿದರು.