ಪಾಲಿಗೆ ಕೊಟ್ಟ ಕುರಿ

ತಾಳ್ಯದ ಕರಿಸಿದ್ದಪ್ಪ ಎಂಥೆಂಥ ಟಗರುಗಳನ್ನು ಕೊಂಬು ಹಿಡಿದು ನಿಲ್ಲಿಸಿದ ಮನುಷ್ಯ. ಆದರೆ ಅವತ್ತು ಮಧ್ಯಾಹ್ನ ಹೊಳಲ್ಕೆರೆಯಲ್ಲಿ, ಶಿವಕುಮಾರಪ್ಪನವರ ಬಟ್ಟೆ ಅಂಗಡಿಯೊಳಗೆ ಮಗಳ ಪಕ್ಕ ಕೂತವನಿಗೆ ಕೈಕಾಲೇ ಆಡಲಿಲ್ಲ. ಮಗಳು ಕಾವ್ಯಶ್ರೀ ಟೈಲರ್. ಮನೆಯ ಪಡಸಾಲೆಯಲ್ಲಿ ಒಂದೇ ಮಿಷಿನ್ ಇಟ್ಟುಕೊಂಡು ಸುತ್ತಲ ಹಳ್ಳಿಗಳ ಮದುವಣಗಿತ್ತಿಯರಿಗೆ ರವಿಕೆ ಹೊಲಿಯುವವಳು. ಈಗ ಈ ಅಂಗಡಿಯ ಮೇಲೆ ಖಾಲಿ ಬಿದ್ದಿರುವ ಮಹಡಿಯಲ್ಲಿ ಅವಳಿಗೊಂದು ಬೊಟೀಕ್ ತೆರೆಯಬೇಕು, ಅದಕ್ಕೆ ಶಿವಕುಮಾರಪ್ಪನವರು ಬಂಡವಾಳ ಹಾಕಬೇಕು. ಅವರು ಒಲ್ಲೆ ಅಂದರೆ ಹಟ್ಟಿಯ ಕುರಿ ಮಾರುತ್ತೇನೆ ಎಂದು ಅಪ್ಪ ಸಿಕ್ಕವರಿಗೆಲ್ಲ ಹೇಳಿಕೊಂಡು ಹಟ ಹಿಡಿದಿದ್ದ. ಕುರಿ ಮಾರಿದರೆ ನಾನು ಕತ್ತರಿಯನ್ನೇ ಮುಟ್ಟುವುದಿಲ್ಲ ಎಂದು ಮಗಳೂ ಹಟ ಹಿಡಿದಿದ್ದಳು. ಅಪ್ಪನ ಗುಣ ಮಗಳಿಗೆ ಬಾರದೆ ಪಕ್ಕದ ಮನೆಯವರಿಗೆ ಬರುತ್ತದೆಯೇ?

ಚಿತ್ರದುರ್ಗದ ಸ್ವಉದ್ಯೋಗ ತರಬೇತಿಯಲ್ಲಿ ಕಲಿಸಿಕೊಟ್ಟ ಭಾಷಣವನ್ನು ಕಾವ್ಯಶ್ರೀ ಎದ್ದು ನಿಂತು ಶುರು ಮಾಡಿದಳು. ಇನ್ವೆಸ್ಟ್‌ಮೆಂಟ್, ಈಕ್ವಿಟಿ, ಟಾರ್ಗೆಟ್ ಕಸ್ಟಮರ್. ಶಿವಕುಮಾರಪ್ಪನವರು ಹಣೆಯ ವಿಭೂತಿ ಅಳಿಸುವ ಹಾಗೆ ಹಣೆ ಉಜ್ಜಿಕೊಂಡರು.

"ಇದೆಲ್ಲ ಇರ್ಲಿ ಕಣಮ್ಮ. ಸಾಲ ಬೇಕು ತಾನೆ? ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು, ಅದನ್ನ ಹೇಳು."

"ಸಾಲ ಅಲ್ಲ ಸಾವ್ಕಾರ್ರೆ."

"ಮತ್ತೇನು, ದಾನವೇ?"

ಕರಿಸಿದ್ದಪ್ಪನಿಗೆ ಎದ್ದು ಹೋಗೋಣ ಅನ್ನಿಸಿತು. ಕಾವ್ಯಶ್ರೀ ಮಾತ್ರ ಕೈಯಲ್ಲಿದ್ದ ಹಾಳೆಯನ್ನು ಮಡಚಿ ಬ್ಯಾಗಿಗೆ ತುರುಕಿದಳು.

"ಪಾಲಿಗೆ ಕುರಿ ಕೊಡ್ತಾರಲ್ಲ, ಹಂಗೆ ಅನ್ಕಳ್ರಿ. ಕುರಿ ಧಣಿದು, ಮೇಯ್ಸೋನು ಕುರುಬ. ಮರಿ ಹಾಕಿದ್ರೆ ಇಬ್ರಿಗೂ ಸಮಪಾಲು, ಹಾಕ್ದಿದ್ರೆ ಇಬ್ರಿಗೂ ಇಲ್ಲ. ತಾಯಿಕುರಿ ಯಾವತ್ತಿದ್ರೂ ಧಣಿದೇ. ಮಹಡಿ ನಿಮ್ದು, ನೀವು ತರ್ಸೋ ಮಿಷಿನ್ ನಿಮ್ದು. ಕೈ ನಂದು. ದಾರ, ಲೈನಿಂಗು, ಕರೆಂಟು, ಹುಡುಗೀರ ಕೂಲಿ ಕಳೆದು ಉಳಿದಿದ್ರಾಗೆ ಅರ್ಧ ನಿಮ್ಗೆ. ಆಷಾಢದಾಗೆ ಮದುವೆ ಇಲ್ಲ, ರವಿಕೆ ಬರಲ್ಲ. ಸಾಲ ಆದ್ರೆ ಕಂತು ಆಷಾಢ ನೋಡಲ್ಲ, ನನ್ನ ಮುಳುಗಿಸ್ತೈತೆ. ನಿಮ್ಮ ಅಂಗಡೀಲಿ ಸೀರೆ ತಗಂಡೋರು ರವಿಕೆ ಹೊಲ್ಸಕ್ಕೆ ದುರ್ಗಕ್ಕೆ ಹೋಗ್ತಾರೆ. ಹೋದೋರು ಮುಂದಿನ ಸೀರೆನೂ ಅಲ್ಲೇ ತಗಂಡು ಬರ್ತಾರೆ. ನನ್ನ ಹತ್ರ ಬರ್ಬೇಕಾದ್ರೆ ನಿಮ್ಮ ಅಂಗಡಿ ದಾಟೇ ಮೆಟ್ಲು ಹತ್ಬೇಕು."

ಗಲ್ಲಾದ ಪಕ್ಕ ಕೂತು ಸೀರೆ ಮಡಚುತ್ತಿದ್ದ ಶಿವಕುಮಾರಪ್ಪನವರ ಹೆಂಡತಿ ಅನ್ನಪೂರ್ಣಮ್ಮನ ಕೈ ನಿಂತಿತು. ಹೊಸದುರ್ಗದ ಕಡೆಯ ಅವರ ತವರಿನಲ್ಲಿ ಕುರಿಯನ್ನು ಪಾಲಿಗೆ ಕೊಟ್ಟೇ ರೂಢಿ. "ಹೌದು ಕಣ್ರೀ, ನಮ್ಮಪ್ಪಾರೂ ಹಿಂಗೇ ಕೊಡ್ತಿದ್ರು," ಎಂದರು.

ವ್ಯಾಪಾರಿ ಅಷ್ಟು ಸುಲಭಕ್ಕೆ ಬಗ್ಗುತ್ತಾನೆಯೇ? "ಕುರಿ ಸತ್ರೆ?" ಎಂದರು ಶಿವಕುಮಾರಪ್ಪ.

ಆ ಪ್ರಶ್ನೆ ಕರಿಸಿದ್ದಪ್ಪನಿಗೆ ಹೊಸದಲ್ಲ. ಹುಡುಗನಾಗಿದ್ದಾಗ ಜವನಗೊಂಡನಹಳ್ಳಿಯ ಧಣಿಯೊಬ್ಬರ ಕುರಿಯನ್ನು ಅವನು ಪಾಲಿಗೆ ಮೇಯಿಸಿದ್ದ. ಕುರಿ ರೋಗದಿಂದ ಸತ್ತರೆ ಚರ್ಮ ಒಯ್ದು ತೋರಿಸಬೇಕು, ಆಗ ನಷ್ಟ ಧಣಿಯದು. ಅವನು ಹೆಗಲ ಮೇಲೆ ಹೊತ್ತು ಒಯ್ದ ಚರ್ಮವನ್ನು ಧಣಿ ಕಣ್ಣೆತ್ತಿಯೂ ನೋಡಲಿಲ್ಲ. "ಕುಯ್ಕಂಡು ತಿಂದಿದ್ದೀಯ" ಎಂದರು. ಆ ಮಾತನ್ನು ಅವನು ಇವತ್ತಿಗೂ ಮನೆಯಲ್ಲಿ ಹೇಳುತ್ತಾನೆ. ಈ ಕಥೆಯನ್ನು ಕೇಳಿಯೇ ಮಗಳು ಬೆಳೆದದ್ದು.

"ಸತ್ರೆ ಚರ್ಮ ತಂದು ತೋರಿಸ್ತೀನಿ," ಎಂದಳು ಕಾವ್ಯಶ್ರೀ. ಬ್ಯಾಗಿಗೆ ಕೈ ಹಾಕಿದಳು. ಅದರಲ್ಲಿ ತೋರಿಸಲೆಂದೇ ತಂದ ಕಸೂತಿ ರವಿಕೆಗಳಿದ್ದವು, ಕಣ್ಣು ಕೋರೈಸುವಂಥವು. ಅವಳು ಅವನ್ನೆಲ್ಲ ಸರಿಸಿ, ತಳದಿಂದ ಅರ್ಧ ಹೊಲಿದ ಒಂದು ರೇಷ್ಮೆ ರವಿಕೆ ತೆಗೆದು ಗಲ್ಲಾದ ಮೇಲೆ ಹರಡಿದಳು. "ಇದು ಹೋದ ತಿಂಗಳು ಸತ್ತಿದ್ದು. ಎರಡು ತೋಳೂ ಎಡಗೈಗೇ ಕತ್ತರಿಸ್ಬಿಟ್ಟೆ. ಸೀರೆ ಜೊತೆ ಬಂದ ಬಟ್ಟೆ, ಬೇರೆ ಸಿಗಲ್ಲ. ಮದುವಣಗಿತ್ತಿ ಮನೆಗೆ ಹೋಗಿ ತಪ್ಪು ಒಪ್ಕಂಡೆ. ಹೊಂದೋ ಬಟ್ಟೆ ನಾನೇ ಕೊಂಡು ಮದುವೆಗೆ ಮುಂಚೆ ಹೊಲ್ದು ಕೊಟ್ಟೆ. ರೋಗಕ್ಕೆ ಸತ್ರೆ ನಷ್ಟ ನಿಮ್ದು, ಕುರುಬ ಮೈಮರೆತಿದ್ಕೆ ಸತ್ರೆ ಕುರುಬಂದು. ಇದು ನಂದು."

ಕರಿಸಿದ್ದಪ್ಪ ಕಣ್ಣು ಮುಚ್ಚಿಕೊಂಡ. ಕೈಗೆ ಬಂದ ತುತ್ತು ಹೋಯಿತು ಅಂದುಕೊಂಡ. ಬಂಡವಾಳ ಕೇಳಲು ಬಂದವಳು ಕೆಟ್ಟ ಕೆಲಸ ತೋರಿಸುತ್ತಾಳೆಯೇ?

ಶಿವಕುಮಾರಪ್ಪ ಕನ್ನಡಕ ಹಾಕಿಕೊಂಡು ತೋಳುಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೆಂಡತಿಗೆ ತೋರಿಸಿದರು. ಅನ್ನಪೂರ್ಣಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಶಿವಕುಮಾರಪ್ಪ ಆ ರವಿಕೆಯನ್ನು ಹೊಸ ಬಟ್ಟೆ ಮಡಚುವ ಹಾಗೆ ನೀಟಾಗಿ ಮಡಚಿ ಅವಳ ಕೈಗೆ ಕೊಟ್ಟರು.

"ಸೋಮವಾರ ವಕೀಲರ ಹತ್ರ ಹೋಗಾಣ. ಪಾಲುದಾರಿಕೆ ಪತ್ರ ಆಗ್ಲಿ. ಶ್ರಾವಣಕ್ಕೆ ಮಹಡಿ ತೆಗಿ," ಎಂದು ಕರಿಸಿದ್ದಪ್ಪನ ಕಡೆ ತಿರುಗಿದರು. "ಏನಪ್ಪ, ಕುರಿ ಮಾರ್ತೀನಿ ಅಂತಿದ್ಯಂತೆ? ಸುಮ್ನೆ ಹಟ್ಟೀಲಿ ಇಟ್ಕ."

ಕರಿಸಿದ್ದಪ್ಪ ಎದ್ದು ನಿಂತ. ಕೈ ಮುಗಿದ. ಬಸ್‌ಸ್ಟ್ಯಾಂಡಿನ ತನಕ ಇಬ್ಬರೂ ನಡೆದರು. ಬಸ್ಸು ಹತ್ತುವ ಮುಂಚೆ ಮಗಳ ಬ್ಯಾಗನ್ನು ತಾನೇ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡ.

"ಚರ್ಮ ತಿರುಗ್ಸಿ ನೋಡಿದ ಧಣಿನ ನಾನು ಇವತ್ತೇ ಕಣವ್ವ ಕಂಡಿದ್ದು," ಎಂದ.