ಹೆಸರು ಹಾಕದ ಬಯೋಡೇಟಾ

ನನ್ನ ಬಗ್ಗೆ ನಾನೇ ಬರೆದುಕೊಂಡ ಎರಡು ಪುಟಗಳಿಂದಾಗಿ ಒಬ್ಬ ಹೆಣ್ಣುಮಗಳು ಊರು ಬಿಡಬೇಕಾಯಿತು. ಇಷ್ಟು ವರ್ಷ ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಹೇಳಿದರೆ, ಹೆಸರು ಹಾಕಿರಲಿಲ್ಲವಲ್ಲ, ನಿನ್ನ ತಪ್ಪೇನಿದೆ ಎಂದು ಬೆನ್ನು ತಟ್ಟುವವರೇ ಜಾಸ್ತಿ. ಆ ಸಮಾಧಾನ ನನಗೆ ಬೇಡ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಶಿವಮೊಗ್ಗದ ಕೋರ್ಟಿನಲ್ಲಿ ನಾನು ವಕೀಲಿಕೆಗೆ ನಿಂತು ಹತ್ತು ವರ್ಷವಾಗಿತ್ತು. ಹತ್ತು ವರ್ಷ ಅಂದರೆ ಹೇಳಿಕೊಳ್ಳಲು ದೊಡ್ಡದು, ನೋಡಿದರೆ ಒಳಗೆ ಟೊಳ್ಳು. ಪಾಲಿನ ದಾವೆ, ಬಾಡಿಗೆ ಮನೆಯ ಜಗಳ, ಬಸ್ಸು ಬಡಿದ ಎಮ್ಮೆಗೆ ಪರಿಹಾರ. ಹೆಣ್ಣು ವಕೀಲೆ ಎಂದು ಗೊತ್ತಾದ ಕೂಡಲೇ ಕಕ್ಷಿಗಾರರು ಪಕ್ಕದ ಮೇಜಿನ ಗಂಡಸಿನ ಕಡೆ ಕಣ್ಣು ಹಾಯಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಒಂದು ಬ್ಯಾಂಕು ತನ್ನ ವಕೀಲರ ಪ್ಯಾನೆಲ್‌ಗೆ ಅರ್ಜಿ ಕರೆಯಿತು. ಸಾಲ ಕೊಡುವ ಮುಂಚೆ ಆಸ್ತಿಯ ಹಳೇ ಪತ್ರಗಳನ್ನು ತಿರುವಿ ಅಭಿಪ್ರಾಯ ಕೊಡುವುದು, ವಸೂಲಿ ದಾವೆ ಹೂಡುವುದು, ಅದು ಕೆಲಸ. ಅದು ಸಿಕ್ಕರೆ ಬೆಳಗ್ಗೆ ಎದ್ದು ಇವತ್ತು ಯಾರಾದರೂ ಬರುತ್ತಾರಾ ಎಂದು ಬಾಗಿಲು ನೋಡುವುದು ತಪ್ಪುತ್ತಿತ್ತು.

ಅರ್ಜಿಯ ಜೊತೆ ಬಯೋಡೇಟಾ ಕೇಳಿದ್ದರು. ವಕೀಲಿಕೆಯ ಸನ್ನದು ಪಡೆದ ದಿನಾಂಕ, ಎಷ್ಟು ವರ್ಷದ ಅನುಭವ, ಯಾವ ಯಾವ ಕೋರ್ಟು, ಯಾವುದರಲ್ಲಿ ಪರಿಣತಿ, ನಡೆಸಿದ ಮುಖ್ಯ ಪ್ರಕರಣಗಳು. ಕೊನೆಯ ಕಾಲಂ ಹತ್ತಿರ ನನ್ನ ಪೆನ್ನು ನಿಂತಿತು.

ಹತ್ತು ವರ್ಷದಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವಂಥ ಕೇಸು ಇದ್ದದ್ದು ಒಂದೇ. ಭದ್ರಾವತಿಯ ನ್ಯೂ ಟೌನಿನ ಒಂದು ಖಾಸಗಿ ಶಾಲೆಯ ಟೀಚರಮ್ಮ. ಮದುವೆಯಾಗಿ ಎರಡು ವರ್ಷವಾದರೂ ಗಂಡ ಹೆಂಡತಿ ಎಂದು ಬಾಳಿರಲೇ ಇಲ್ಲ, ಅದು ಗಂಡನಿಂದ ಆಗುವಂಥದ್ದೂ ಆಗಿರಲಿಲ್ಲ. ಮದುವೆಯನ್ನೇ ರದ್ದು ಮಾಡಿ ಎಂದು ಅರ್ಜಿ ಹಾಕಿದ್ದೆವು. ಅವನು ತನ್ನಲ್ಲಿ ಏನೂ ದೋಷವಿಲ್ಲ ಎಂದು ಒಬ್ಬ ಡಾಕ್ಟರರ ಸರ್ಟಿಫಿಕೇಟು ತಂದ. ಆ ಡಾಕ್ಟರರನ್ನು ನಾನು ಪಾಟೀಸವಾಲಿನಲ್ಲಿ ಒಂದೂವರೆ ಗಂಟೆ ನಿಲ್ಲಿಸಿದೆ. ಪರೀಕ್ಷೆಯನ್ನೇ ಮಾಡದೆ ಬರೆದುಕೊಟ್ಟದ್ದು ಎಂದು ಅವರ ಬಾಯಿಂದಲೇ ಬಂತು. ಇಂಥ ವಿಚಾರಣೆ ಬಾಗಿಲು ಹಾಕಿಕೊಂಡು ನಡೆಯುತ್ತದೆ, ಅದರ ವಿವರ ಅಚ್ಚು ಹಾಕುವುದಕ್ಕೂ ಕಾನೂನಿನಲ್ಲಿ ಅಡ್ಡಿಯಿದೆ. ಹೀಗಾಗಿ ನನ್ನ ಅತಿ ದೊಡ್ಡ ಗೆಲುವನ್ನು ನೋಡಿದವರು ನ್ಯಾಯಾಧೀಶರು, ಬೆರಳಚ್ಚುಗಾರ, ಎದುರು ವಕೀಲರು, ಅಷ್ಟೇ. ಅದು ನನಗೆ ಒಳಗೊಳಗೇ ಕುಟುಕುತ್ತಿತ್ತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಆ ಹುಡುಗಿ ಫೀಸಿನ ಬಗ್ಗೆ ಚೌಕಾಶಿ ಮಾಡಿದವಳಲ್ಲ, ತಾರೀಖು ಮುಂದೆ ಹೋದರೆ ಸಿಡುಕಿದವಳಲ್ಲ. ಅವಳು ಕೇಳಿದ್ದು ಒಂದೇ, ಆ ಕೋಣೆಯಲ್ಲಿ ಆಡಿದ ಮಾತು ಹೊರಗೆ ಬರಬಾರದು. ಮದುವೆ ಮುರಿದದ್ದು ಊರಿಗೆ ಗೊತ್ತಾಗಲಿ, ಯಾಕೆ ಎನ್ನುವುದು ಬೇಡ, ಅವನಿಗೂ ಅವಮಾನ, ನನಗೂ ಅಲ್ಲೇ ಪಾಠ ಮಾಡಿಕೊಂಡು ಇರಬೇಕು ಎಂದಿದ್ದಳು. ನಾನು ಅವಳ ಕೈ ಹಿಡಿದು ಭಾಷೆ ಕೊಟ್ಟಿದ್ದೆ.

ಬಯೋಡೇಟಾದ ಕರಡು ಹಿಡಿದುಕೊಂಡು ರವೀಂದ್ರನಗರಕ್ಕೆ, ನನ್ನ ಸೀನಿಯರ್ ಮನೆಗೆ ಹೋದೆ. ನನಗೆ ಕೆಲಸ ಕಲಿಸಿದವರು ಅವರೇ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದಿದರು. ಪಾಲಿನ ದಾವೆಗಳಿಗೆ ಸೈ ಅಂದರು. ಬಹಿರಂಗವಾಗಿ ತೀರ್ಪಾದದ್ದಕ್ಕೆ ಬೇಕಿದ್ದರೆ ನಂಬರ್ ಹಾಕು, ರಾಜಿಯಾದವಕ್ಕೆ ಯಾವ ಜಾತಿಯ ಕೇಸು, ಯಾವ ಕೋರ್ಟು, ಅಷ್ಟು ಸಾಕು, ಇನ್ನೂ ನಡೆಯುತ್ತಿರುವುದರ ಸುದ್ದಿಗೆ ಹೋಗಬೇಡ ಎಂದರು. ಭದ್ರಾವತಿ ಸಾಲುಗಳಿಗೆ ಬಂದಾಗ ಪೆನ್ಸಿಲಿನಿಂದ ಅಡ್ಡಗೆರೆ ಎಳೆದರು.

"ಇದು ಬೇಡ ಮಾರಾಯ್ತಿ. 'ವೈವಾಹಿಕ ಪ್ರಕರಣಗಳು' ಅಂತ ಒಂದು ಮಾತು ಬರಿ, ಮುಗೀತು."

"ಹೆಸರೇ ಹಾಕಿಲ್ವಲ್ಲ ಸಾರ್."

"ಹೆಸರು ಯಾರಿಗೆ ಬೇಕು? ಭದ್ರಾವತಿ ಎಷ್ಟು ದೊಡ್ಡದು?"

ಹೂಂ ಎಂದು ತಲೆಯಾಡಿಸಿ ಎದ್ದು ಬಂದೆ. ದಾರಿಯುದ್ದಕ್ಕೂ ಮನಸ್ಸು ಗೊಣಗುತ್ತಿತ್ತು. ಇವರಿಗೇನು, ಗೋಡೆ ತುಂಬ ಪುಸ್ತಕ, ಬಾಗಿಲು ತುಂಬ ಕಕ್ಷಿಗಾರರು. 'ವೈವಾಹಿಕ ಪ್ರಕರಣಗಳು' ಎಂದು ಬರೆದರೆ ಬ್ಯಾಂಕಿನವರು ಆಕಳಿಸುತ್ತಾರೆ. ಕೋರ್ಟಿನ ಎದುರು ಓಣಿಯ ಡಿಟಿಪಿ ಅಂಗಡಿಗೆ ಬರುವಷ್ಟರಲ್ಲಿ ರಬ್ಬರು ಹುಡುಕಿ ಆ ಅಡ್ಡಗೆರೆಯನ್ನು ಅಳಿಸಿದ್ದೆ.

ಅಚ್ಚಾಗಿ ಬಂದ ಇಂಗ್ಲಿಷ್ ಸಾಲುಗಳ ಸಾರ ಇಷ್ಟು: ಭದ್ರಾವತಿ ನ್ಯೂ ಟೌನಿನ ಒಬ್ಬ ಶಾಲಾ ಶಿಕ್ಷಕಿಯ ಪರವಾಗಿ, ಸರ್ಕಾರಿ ಇಲಾಖೆಯ ಓವರ್‌ಸಿಯರ್ ಆಗಿದ್ದ ಪತಿಯ ವಿರುದ್ಧ, ಅವನ ದೈಹಿಕ ಅಸಾಮರ್ಥ್ಯದ ಕಾರಣಕ್ಕೆ ಮದುವೆ ರದ್ದತಿ, ವೈದ್ಯ ಸಾಕ್ಷಿಯ ಯಶಸ್ವಿ ಪಾಟೀಸವಾಲು. ಹೆಸರಿಲ್ಲ, ಕೇಸಿನ ನಂಬರಿಲ್ಲ. ಗುಟ್ಟು ಕಾಪಾಡಿದ್ದೇನೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಒಂದು ಪ್ರತಿ ಬ್ಯಾಂಕಿಗೆ ಕೊಟ್ಟೆ.

ಕೋರ್ಟಿನ ಸುತ್ತ ಯಾರೂ ಯಾವುದನ್ನೂ ಮೊದಲಿಂದ ಬರೆಯುವುದಿಲ್ಲ. ಹಳೇ ಅರ್ಜಿ ತೆಗೆದು ಹೆಸರು, ಊರು ಬದಲಾಯಿಸಿದರೆ ಹೊಸ ಅರ್ಜಿ. ನಾನೇ ಒಮ್ಮೆ ಹೊಳಲೂರಿನ ರೈತನ ಪ್ರಮಾಣಪತ್ರದಲ್ಲಿ ಹಿಂದಿನ ಕಕ್ಷಿಗಾರನ ಅಪ್ಪನ ಹೆಸರನ್ನು ಹಾಗೇ ಉಳಿಸಿ ಬೈಸಿಕೊಂಡವಳು. ಡಿಟಿಪಿ ಅಂಗಡಿಯವರ ಕಂಪ್ಯೂಟರಿನಲ್ಲಿ ನಮ್ಮೆಲ್ಲರ ಸರಕೂ ಉಳಿದಿರುತ್ತಿತ್ತು, ಅದು ನನಗೂ ಗೊತ್ತಿತ್ತು. ಅದೇ ವಾರ ಭದ್ರಾವತಿಯ ಒಬ್ಬ ವಕೀಲರು ಅದೇ ಪ್ಯಾನೆಲ್‌ಗೆ ಅರ್ಜಿ ಹಾಕಲು ಬಂದು ಬಯೋಡೇಟಾ ಹೇಗಿರಬೇಕು ಎಂದು ಕೇಳಿದ್ದಾರೆ. ಅಂಗಡಿಯವರು ಉಪಕಾರ ಮಾಡಿದೆ ಎಂದುಕೊಂಡೇ ನನ್ನದನ್ನು ನಮೂನೆಗೆಂದು ತೆಗೆದುಕೊಟ್ಟಿದ್ದಾರೆ. ವಕೀಲರು ಅದನ್ನು ಮನೆಗೆ ಒಯ್ದು ಊಟದ ಮೇಜಿನ ಮೇಲೆ ಇಟ್ಟಿದ್ದಾರೆ. ಅವರ ಹೆಂಡತಿ ನ್ಯೂ ಟೌನಿನ ಅದೇ ಶಾಲೆಯಲ್ಲಿ ಟೀಚರ್.

ಇದೆಲ್ಲ ನನಗೆ ತಿಳಿದದ್ದು ಒಂದು ಶನಿವಾರ ಮಧ್ಯಾಹ್ನ ಆ ಹುಡುಗಿ ನನ್ನ ಆಫೀಸಿಗೆ ಬಂದಾಗ. ಕೂತ್ಕೋ ಎಂದೆ, ಕೂರಲಿಲ್ಲ. ಬ್ಯಾಗಿನಿಂದ ಒಂದು ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟಳು. ಮೇಲೆ ನನ್ನ ಹೆಸರು, ನನ್ನ ಸನ್ನದಿನ ನಂಬರು.

ಸ್ಟಾಫ್ ರೂಮಿನಲ್ಲಿ ತಾನು ಒಳಗೆ ಹೋದರೆ ಮಾತು ನಿಲ್ಲುತ್ತದೆ ಎಂದಳು. ಒಬ್ಬರು ಹತ್ತಿರ ಬಂದು ಕೂತು, ಎರಡು ವರ್ಷ ಹೇಗಮ್ಮ ಸಹಿಸಿಕೊಂಡೆ ಎಂದು ಕನಿಕರದಿಂದ ಕೇಳಿದರಂತೆ. ಅದೇ ಎಲ್ಲಕ್ಕಿಂತ ಅಸಹ್ಯವಾಯಿತು ಎಂದಳು. ಅತ್ತಿದ್ದರೆ ನನಗೂ ಸುಲಭವಾಗುತ್ತಿತ್ತು, ಅವಳು ಅಳಲಿಲ್ಲ.

ನಾನು ಬಾಯಿಗೆ ಬಂದದ್ದು ಒದರಿದೆ. ಅಂಗಡಿಯವರದ್ದು ತಪ್ಪು ಎಂದೆ. ಹೆಸರು ಬರೆದಿಲ್ಲ ನೋಡು ಎಂದೆ. ಬೇಕಾದರೆ ಶಾಲೆಗೇ ಬಂದು, ಇದು ನಿನ್ನ ವಿಷಯವೇ ಅಲ್ಲ ಎಂದು ಹೇಳುತ್ತೇನೆ ಎಂದೂ ಅಂದೆ.

"ನಾನಲ್ಲ ಅಂತೀರಾ ಅಕ್ಕಾ? ನ್ಯೂ ಟೌನಲ್ಲಿ ಮದುವೆ ರದ್ದಾದ ಟೀಚರ್ ಇನ್ಯಾರಿದಾರೆ?" ಎಂದಳು. ಆಮೇಲೆ ಆ ಸಾಲುಗಳ ಮೇಲೆ ಬೆರಳಿಟ್ಟು, "ಇದರಲ್ಲಿ ನಾನು ಇಲ್ಲದೇ ಇರೋ ಒಂದು ಪದ ತೋರಿಸಿ" ಎಂದಳು.

ನಾನು ಆ ಸಾಲುಗಳನ್ನು ಮೊದಲಿಂದ ಓದಿದೆ, ಒಂದೊಂದು ಪದದಲ್ಲೂ ಅವಳೇ ಇದ್ದಳು.

ಹೊರಡುವ ಮುಂಚೆ, ಬ್ಯಾಂಕಿನಲ್ಲಿರುವ ಪ್ರತಿಯನ್ನಾದರೂ ವಾಪಸ್ ತನ್ನಿ ಎಂದು ಕೇಳಿದಳು. ಬ್ಯಾಂಕಿನಲ್ಲೂ ನ್ಯೂ ಟೌನಿನವರು ಇದ್ದಾರೆ, ಆ ಫೈಲು ಎಷ್ಟು ಕೈ ದಾಟುತ್ತದೋ ಎಂದಳು. ಸೋಮವಾರ ಬೆಳಗ್ಗೆಯೇ ತರುತ್ತೇನೆ ಎಂದೆ. ಅವಳು ಹೋದ ಕೂಡಲೇ ಡಿಟಿಪಿ ಅಂಗಡಿಗೆ ಓಡಿ, ಎದುರಿಗೆ ನಿಂತು ನನ್ನ ಫೈಲು ಅಳಿಸಿ ಹಾಕಿಸಿದೆ. ಅಂಗಡಿಯವರು ಬೆಪ್ಪಾಗಿ ನೋಡಿದರು. ಅವರನ್ನು ಬೈಯಬೇಕೆಂದು ಹೋದವಳು ಹಳೇ ಬಾಕಿ ಕೊಟ್ಟು ಬಂದೆ.

ಸೋಮವಾರ ಬ್ಯಾಂಕಿಗೆ ಹೋದೆ. ಚೀಲದಲ್ಲಿ ಆ ಸಾಲುಗಳಿಲ್ಲದ ಬೇರೆ ಪುಟವಿತ್ತು, ಇದನ್ನಿಟ್ಟು ಅದನ್ನು ಕೊಡಿ ಎಂದರೆ ಎರಡು ನಿಮಿಷದ ಕೆಲಸ. ಮ್ಯಾನೇಜರ್ ಕೂರಿಸಿ ಕಾಫಿ ತರಿಸಿದರು. ಅರ್ಜಿಗಳನ್ನು ಆ ದಿನವೇ ಮೇಲಿನ ಕಚೇರಿಗೆ ಕಳಿಸಬೇಕು ಎಂದು ಫೈಲು ತೆರೆದಿಟ್ಟುಕೊಂಡಿದ್ದರು. ನನ್ನ ಎರಡನೇ ಪುಟ ತಿರುವಿ, ಆ ಸಾಲುಗಳ ಪಕ್ಕ ತಾವು ಹಾಕಿದ ಗುರುತು ತೋರಿಸಿದರು. ಉಳಿದವರದ್ದೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದೆ ಮೇಡಂ, ಡಾಕ್ಟರರನ್ನೇ ಬಿಡದೆ ಕೆದಕಿದವರು ನೀವೊಬ್ಬರೇ, ನಾನು ಶಿಫಾರಸು ಬರೆದಿದ್ದೇನೆ ಎಂದರು.

ಆಗ ಹೇಳಬೇಕಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಕೆಲಸವನ್ನು ನೋಡಿ, ನೀವೊಬ್ಬರೇ ಎಂದಿದ್ದರು. ಕಾಫಿ ಕುಡಿದೆ. ಥ್ಯಾಂಕ್ಸ್ ಹೇಳಿದೆ. ಚೀಲದ ಪುಟವನ್ನು ಚೀಲದಲ್ಲೇ ಇಟ್ಟುಕೊಂಡು ಮೆಟ್ಟಿಲಿಳಿದೆ. ಹೇಗೂ ಊರಿಗೆಲ್ಲ ಗೊತ್ತಾಗಿದೆ, ಇನ್ನೊಂದು ಪ್ರತಿಯಿಂದ ಏನು ಎಂದು ನನಗೆ ನಾನೇ ಹೇಳಿಕೊಂಡೆ. ವಕೀಲೆಯಲ್ಲವೇ, ಯಾವ ಪಕ್ಷಕ್ಕಾದರೂ ವಾದ ಹುಟ್ಟುತ್ತದೆ.

ಪ್ಯಾನೆಲ್‌ಗೆ ಆಯ್ಕೆಯಾದ ಪತ್ರ ಎರಡು ತಿಂಗಳಿಗೆ ಬಂತು. ಸೀನಿಯರ್ ಮನೆಗೆ ಸಿಹಿ ಒಯ್ದೆ. ಅಡ್ಡಗೆರೆ ಎಳೆದ ಸಾಲುಗಳನ್ನು ತೆಗೆದೆಯಾ ಎಂದು ಅವರು ಕೇಳಲಿಲ್ಲ, ತೆಗೆದಿದ್ದಾಳೆ ಎಂದೇ ನಂಬಿದ್ದರು.

ಪರೀಕ್ಷೆಗಳು ಮುಗಿದ ಮೇಲೆ ಆ ಹುಡುಗಿ ಮತ್ತೆ ಬಂದಳು. ಶಾಲೆಗೆ ರಾಜೀನಾಮೆ ಕೊಟ್ಟಿದ್ದಳು. ದೂರದ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದೇನೆ, ಹೇಳಿ ಹೋಗೋಣ ಅಂತ ಬಂದೆ ಎಂದಳು. ಹುಟ್ಟಿ ಬೆಳೆದ ಊರು ಅವಳದು. ಅಪ್ಪ ಕಾರ್ಖಾನೆಯಿಂದ ನಿವೃತ್ತರಾದ ಮೇಲೂ ಅಲ್ಲೇ ಇರೋಣ ಎಂದು ಹಟ ಹಿಡಿದವಳೇ ಅವಳು. ನಾನು ಏನೇನೋ ಕೇಳಿದೆ, ಹಾಸ್ಟೆಲ್ ಹೇಗಿದೆ, ಊಟ ಹೇಗೆ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಬಾಗಿಲ ಹತ್ತಿರ ಹೋದವಳು ನಿಂತು ತಿರುಗಿದಳು.

"ಅಕ್ಕಾ, ಬ್ಯಾಂಕಿಂದ ಆ ಹಾಳೆ ತಂದ್ರಲ್ಲಾ?"

"ತಂದೆ. ಅವತ್ತೇ ಹರಿದು ಹಾಕಿದೆ" ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ.

ಅವಳ ಮುಖ ಎಷ್ಟು ಹಗುರವಾಯಿತು ಎಂದರೆ, ನನಗೆ ನೋಡಲಾಗಲಿಲ್ಲ. "ಅದೊಂದು ಭಯ ಇತ್ತು, ಈಗ ನೆಮ್ಮದಿಯಾಗಿ ಹೋಗ್ತೀನಿ" ಎಂದು ವಾಪಸ್ ಬಂದು, ಬೇಡ ಬೇಡ ಎನ್ನುವಷ್ಟರಲ್ಲಿ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು, ಒಳ್ಳೆಯದಾಗಲಿ ಎಂದೆ.