ಬಣ್ಣದಕ್ಕ ಒಲ್ಲೆ ಅಂದದ್ದು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿ ಕಳಿಸಿದ ಬೆರಳಗಲದ ಬಟ್ಟೆ ತುಂಡನ್ನು ನೋಡಿ, ಅದೇ ಬಣ್ಣ ಬರಲು ಯಾವ ಪುಡಿ ಎಷ್ಟು ಬೀಳಬೇಕೆಂದು ಪ್ರಯೋಗಾಲಯದಲ್ಲಿ ಗೊತ್ತುಮಾಡುವುದು ಅವಳ ಕೆಲಸ. ಲೈಟ್ ಬಾಕ್ಸಿನೊಳಗೆ ಎರಡು ತುಂಡು ಪಕ್ಕಪಕ್ಕ ಇಟ್ಟು, ಹಗಲಿನ ಬೆಳಕು, ಅಂಗಡಿಯ ಬೆಳಕು, ಮನೆಯ ಬಲ್ಬಿನ ಬೆಳಕು ಒಂದೊಂದಾಗಿ ಹಾಕಿ ನೋಡುತ್ತಿದ್ದಳು. ಒಂದು ಬೆಳಕಿನಲ್ಲಿ ಒಂದೇ ಅನಿಸಿದ ನೀಲಿ ಇನ್ನೊಂದರಲ್ಲಿ ಬೇರೆಯಾಗಿಬಿಡುತ್ತದೆ. ಅದನ್ನು ಹಿಡಿಯುವುದರಲ್ಲಿ ಅವಳ ಕಣ್ಣು ಸೋತದ್ದು ಕಡಿಮೆ.

ಉಳಿದಂತೆ ಅವಳು ಮಹಾ ಪುಕ್ಕಲು. ಗ್ಯಾಸ್ ಆಫ್ ಮಾಡಿ ಹೊರಬಿದ್ದವಳು ಅರ್ಧ ದಾರಿಯಿಂದ ವಾಪಸು ಬರುತ್ತಿದ್ದಳು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಫೋನನ್ನು ಗಂಡನ ಕೈಗೆ ದಾಟಿಸುತ್ತಿದ್ದಳು. ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅವಳ ಗಂಡ, "ಈ ಮನೇಲಿ ಫೋನ್ ಎತ್ತೋ ನೌಕರಿ ನಂದು, ಸಂಬಳ ಇಲ್ಲ" ಎಂದು ನಗುತ್ತಿದ್ದ.

ಇಂಥವಳು ಕೆಲಸ ಬದಲಿಸಲು ಹೊರಟದ್ದೇ ದೊಡ್ಡದು. ವರ್ಷಗಳಿಂದ ಪ್ರಯೋಗಾಲಯವನ್ನು ನಡೆಸುತ್ತಿದ್ದರೂ ಕಾಗದದ ಮೇಲೆ ಅವಳಿನ್ನೂ ಸಹಾಯಕಿ. ಕಂಪನಿಗಳಿಗೆ ಜನ ಹುಡುಕಿಕೊಡುವ ಏಜೆನ್ಸಿಯೊಂದಕ್ಕೆ ಹೆಸರು ಕೊಟ್ಟಿದ್ದಳು. ಒಂದು ಸಂಜೆ ಅಲ್ಲಿಯ ಹೆಂಗಸೊಬ್ಬಳು ಫೋನ್ ಮಾಡಿದಳು; ಎತ್ತಿದ ಗಂಡ ಅದನ್ನು ಇವಳ ಕೈಗೇ ಕೊಟ್ಟ. ಬಟ್ಟೆಗೆ ಬಣ್ಣ ಹಾಕುವ ದೊಡ್ಡ ಕಂಪನಿಯೊಂದಕ್ಕೆ ಲ್ಯಾಬ್ ಮುಖ್ಯಸ್ಥರು ಬೇಕಿದೆ ಎಂದಳು. ದನಿ ಎಷ್ಟು ಮೆತ್ತಗಿತ್ತೆಂದರೆ ಬಣ್ಣದಕ್ಕನ ನಾಲಿಗೆ ಸಡಿಲವಾಯಿತು. ಈಗಿನ ಕೆಲಸ ಯಾಕೆ ಬಿಡಬೇಕು ಅನಿಸ್ತಿದೆ ಎಂದು ಕೇಳಿದಾಗ, "ನಮ್ಮ ಸಾರ್‌ಗೆ ಬಣ್ಣಾನೇ ಗೊತ್ತಾಗಲ್ಲ ಮೇಡಂ, ಕೆಂಪಿಗೂ ಕೇಸರಿಗೂ ಲೆಕ್ಕ ಒಂದೇ" ಎಂದುಬಿಟ್ಟಳು. ಇಬ್ಬರೂ ನಕ್ಕಿದ್ದರು.

ಸಂದರ್ಶನ ಆಯಿತು, ಬಣ್ಣ ಹೊಂದಿಸುವ ಪರೀಕ್ಷೆಯೂ ಆಯಿತು. ಆ ಕಂಪನಿಯವರು ಒಪ್ಪಿದರು. ಸಂಬಳ, ಸೇರುವ ದಿನ ಇವುಗಳ ಮಾತು ಏಜೆನ್ಸಿಯವಳ ಮೂಲಕ ಆ ಕಡೆ ಈ ಕಡೆ ಓಡಾಡುತ್ತಿತ್ತು. ಕೊನೆಯ ಪತ್ರಕ್ಕೆ ಬಣ್ಣದಕ್ಕ ಇನ್ನೂ ಸಹಿ ಹಾಕಿರಲಿಲ್ಲ. ಹೊಸಬರು ಬೇಗ ಬಾ ಎನ್ನುತ್ತಿದ್ದುದರಿಂದ, ನೋಟಿಸ್ ಅವಧಿಯನ್ನು ಎಷ್ಟು ಕಡಿಮೆ ಮಾಡಿಕೊಡುತ್ತಾರೆಂದು ಕೇಳಲು ಅವಳು ಮಾಲೀಕರ ಕೋಣೆಗೆ ಹೋದಳು.

ಮಾಲೀಕರು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಕೂತ್ಕೊಳ್ಳಿ" ಎಂದರು. ಅಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು.

"ನಿಮಗೇನು ಬೇಕು ಹೇಳಿ."

ಅವಳು ಹೆದರಿಕೆಯಲ್ಲೇ ಎಲ್ಲ ಹೇಳಿದಳು: ಮುಖ್ಯಸ್ಥೆ ಅನ್ನೋ ಹುದ್ದೆ, ಅದಕ್ಕೆ ತಕ್ಕ ಸಂಬಳ, ಬಣ್ಣದ ವಿಷಯದಲ್ಲಿ ತನ್ನ ಮಾತೇ ಕೊನೆ. ಅವರು ಎಲ್ಲಕ್ಕೂ ತಲೆಯಾಡಿಸಿದರು. ಹೊಸ ಕಂಪನಿ ಮನೆಯಿಂದ ದೂರ, ಬಸ್ ಎರಡು ಬದಲಿಸಬೇಕು. ಅದೂ ಮನಸ್ಸನ್ನು ಇತ್ತ ಎಳೆಯಿತು.

ಮನೆಯಲ್ಲಿ ಗಂಡ ಹೇಳಿದ, "ಬಾಯಿಮಾತು ನಂಬಿ ಅಲ್ಲಿ ಬೇಡ ಅಂದ್ಬಿಟ್ಟೀಯ. ಮೊದಲು ಬರೆಸ್ಕೋ."

ಮಾಲೀಕರ ಬಳಿ ಬರೆದುಕೊಡಿ ಎಂದು ಕೇಳುವಾಗ ಅವಳಿಗೆ ಜೀವವೇ ಬಾಯಿಗೆ ಬಂದಿತ್ತು. ಆದರೂ ಕೇಳಿದಳು. ಹುದ್ದೆ, ಸಂಬಳ, ಯಾವತ್ತಿನಿಂದ ಎಂಬುದೆಲ್ಲ ಇದ್ದ ಸಹಿ ಹಾಕಿದ ಪತ್ರ ಮರುದಿನ ಮಧ್ಯಾಹ್ನ ಕೈಸೇರಿತು.

ಇನ್ನು ಏಜೆನ್ಸಿಯವಳಿಗೆ ಹೇಳಬೇಕಿತ್ತು. ಅವಳಿಗೆ ಸಿಟ್ಟು ಬಂದರೆ? ಎಲ್ಲ ಕಂಪನಿಗಳಿಗೂ ಇವಳನ್ನು ನಂಬಬೇಡಿ ಎಂದುಬಿಟ್ಟರೆ? ಎಲ್ಲಕ್ಕಿಂತ ಹೆಚ್ಚಾಗಿ, ಆ ಕೆಂಪು ಕೇಸರಿಯ ಮಾತು ಮಾಲೀಕರ ಕಿವಿಗೆ ಬಿದ್ದರೆ?

"ನೀವೇ ಮಾತಾಡ್ರೀ" ಎಂದು ಗಂಡನಿಗೆ ಫೋನ್ ಮಾಡಿ ಗೋಗರೆದಳು.

"ಕೆಲಸ ಕೇಳಿದ್ದು ನೀನು, ನಾನು ಬೇಡ ಅಂದ್ರೆ ಚೆನ್ನಾಗಿರತ್ತಾ? ಇವತ್ತೇ ಹೇಳಿಬಿಡು. ಫೋನಲ್ಲಿ ಹುಲಿ ಏನೂ ಕೂತಿಲ್ಲ."

ಬಟ್ಟೆಯ ಉರುಳೆಗಳನ್ನು ಪೇರಿಸಿದ್ದ ಗೋದಾಮಿನ ಮೂಲೆಗೆ ಹೋಗಿ ಅವಳು ನಂಬರ್ ಒತ್ತಿದಳು.

"ಹೇಳಿ ಮೇಡಂ, ನಾನೇ ಮಾಡೋಳಿದ್ದೆ. ಸೇರೋ ದಿನ ಒಂದು ವಾರ ಮುಂದೆ ಹಾಕೋಕೆ ಒಪ್ಪಿದಾರೆ."

"ಮೇಡಂ, ಬೇಜಾರು ಮಾಡ್ಕೋಬೇಡಿ. ನಾನು ಹಿಂದೆ ಸರೀತಿದ್ದೀನಿ. ಇಲ್ಲೇ ಹುದ್ದೆ ಕೊಟ್ಟಿದಾರೆ, ಬರೆದೂ ಕೊಟ್ಟಿದಾರೆ. ಇಲ್ಲೇ ಇರ್ತೀನಿ."

"ಇಷ್ಟು ವರ್ಷ ಕೊಡದೇ ಇದ್ದೋರು ಈಗ ಯಾಕೆ ಕೊಟ್ರು, ಯೋಚನೆ ಮಾಡಿದ್ರಾ?" ದನಿ ಮೆತ್ತಗೇ ಇತ್ತು, ಅದಕ್ಕೇ ಇನ್ನೂ ಭಯವಾಯಿತು. "ಬಿಡ್ತೀನಿ ಅಂತ ಒಂದ್ಸಲ ಅಂದೋರ ಮೇಲೆ ಕಣ್ಣಿಟ್ಟಿರ್ತಾರೆ ಮೇಡಂ. ಈಗ ಉಳಿಸ್ಕೊಂಡು, ಆಮೇಲೆ ನಿಧಾನಕ್ಕೆ ಬೇರೆಯೋರನ್ನ ಹುಡುಕೋದನ್ನ ನಾನು ನೋಡಿದೀನಿ. ಸಂಬಳ ಸಾಲದಿದ್ರೆ ಹೇಳಿ, ಇನ್ನೊಂದ್ಸಲ ಕೇಳ್ತೀನಿ."

ಒಂದು ಕ್ಷಣ ಅವಳಿಗೆ ಹೂಂ ಎನ್ನುವುದೇ ಸುಲಭ ಅನಿಸಿತು. "ಬೇಡ ಮೇಡಂ. ಅವರು ಜಾಸ್ತಿ ಕೊಟ್ರೂ ಬರಲ್ಲ. ಸುಮ್ನೆ ನಿಮ್ಮನ್ನ ಓಡಾಡಿಸೋದು ತಪ್ಪಾಗತ್ತೆ."

"ನಿಮ್ಮನ್ನ ನಂಬಿ ಅವರು ಉಳಿದೋರಿಗೆ ಇಲ್ಲ ಅಂದುಬಿಟ್ರು. ನಾನೀಗ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ನನ್ನ ತಪ್ಪೇ ಮೇಡಂ. ಅವರಿಗೂ ಕ್ಷಮೆ ಕೇಳ್ದೆ ಅಂತ ಹೇಳಿ."

"ಸರಿ. ಒಂದು ಮೇಲ್ ಹಾಕಿ. ನೋಡೋಣ." ಫೋನ್ ಇಟ್ಟಳು.

ಬಣ್ಣದಕ್ಕ ಅಲ್ಲೇ ಉರುಳೆಯೊಂದರ ಮೇಲೆ ಕೂತಳು. ಆಮೇಲೆ ನಾಲ್ಕು ಸಾಲು ಬರೆದು ಕಳಿಸಿದಳು: ಧನ್ಯವಾದ, ಹಿಂದೆ ಸರಿಯುತ್ತಿದ್ದೇನೆ, ತೊಂದರೆಗೆ ಕ್ಷಮೆ ಇರಲಿ. ಉತ್ತರ ಬರಲಿಲ್ಲ. ಆ ‘ನೋಡೋಣ’ ಮಾತ್ರ ತಲೆಯಲ್ಲಿ ಉಳಿಯಿತು. ಏನನ್ನು ನೋಡುವುದು?

ಮಾಲೀಕರು ಕೊಟ್ಟ ಮಾತಿನಂತೆ ನಡೆದುಕೊಂಡರು. ಆದರೂ ಅವರು ಕರೆಕಳಿಸಿದಾಗಲೆಲ್ಲ ಅವಳಿಗೆ ಆ ‘ನೋಡೋಣ’ ನೆನಪಾಗುತ್ತಿತ್ತು. ಅವರು ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಿದರೆ ತನ್ನ ಜಾಗಕ್ಕೇ ಯಾರನ್ನೋ ಹುಡುಕುತ್ತಿದ್ದಾರೆ ಅನಿಸುತ್ತಿತ್ತು.

ಮುಂದಿನ ವರ್ಷ ಒಂದು ಬೆಳಗ್ಗೆ ಮಾಲೀಕರು ಹೆಂಗಸೊಬ್ಬಳನ್ನು ಪ್ರಯೋಗಾಲಯಕ್ಕೆ ಕರೆತಂದರು. "ಇವರು ನಮಗೆ ಜನ ಹುಡುಕಿಕೊಡ್ತಾರೆ. ಲ್ಯಾಬ್ ನೋಡ್ಬೇಕು ಅಂದ್ರು."

"ನಮಸ್ಕಾರ ಮೇಡಂ" ಎಂದಳು ಬಂದವಳು. ಮುಖ ಹೊಸದು. ಆದರೆ ಆ ಮೆತ್ತನೆಯ ದನಿ ಕೇಳಿದ್ದೇ ಬಣ್ಣದಕ್ಕನ ಕೈಯಲ್ಲಿದ್ದ ತುಂಡು ಕೆಳಗೆ ಬಿತ್ತು.

ಮಾಲೀಕರು ನಗುತ್ತಾ, "ಹೋದ ವರ್ಷ ಇವರು ನಮ್ಮ ಕೈಬಿಟ್ಟು ಹಾರಿಹೋಗೋರಿದ್ರು, ಹೇಗೋ ಹಿಡ್ಕೊಂಡ್ವಿ" ಎಂದರು.

ಬಂದವಳು ಲೈಟ್ ಬಾಕ್ಸಿನತ್ತ ನೋಡುತ್ತಾ, "ಹೌದಾ? ಒಳ್ಳೆಯೋರನ್ನ ಯಾರು ತಾನೇ ಸುಮ್ನೆ ಬಿಡ್ತಾರೆ ಸಾರ್" ಎಂದಳು, ಮೊದಲ ಸಲ ಕೇಳಿದವಳ ಹಾಗೆ.

ಮಾಲೀಕರು ಫೋನ್ ಬಂದು ಹೊರಗೆ ಹೋದರು. ಬಣ್ಣದಕ್ಕ ಮೆಲ್ಲಗೆ, "ನಾನವತ್ತು ಅಂದಿದ್ದು..." ಎಂದಳು.

"ಏನಂದಿದ್ರಿ? ನಂಗೆ ನೆನಪಿಲ್ಲ. ನನ್ನ ಹತ್ರ ಹೇಳಿದ್ದು ನನ್ನ ಹತ್ರಾನೇ ಇರತ್ತೆ." ಆಮೇಲೆ ತಾನೇ ಮುಂದುವರಿಸಿದಳು, "ಅವತ್ತು ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಆದ್ರೆ ನೀವು ಅವತ್ತಿಂದವತ್ತೇ ಹೇಳಿದ್ರಿ. ಎಷ್ಟೋ ಜನ ಸಹಿ ಹಾಕಿ, ಸೇರೋ ದಿನ ಫೋನ್ ಆಫ್ ಮಾಡ್ತಾರೆ."

ಬಣ್ಣದಕ್ಕನಿಗೆ ಉಸಿರು ಬಂತು. ಆ ಧೈರ್ಯದಲ್ಲೇ ಕೇಳಿದಳು, "ಈಗ ಯಾವ ಕೆಲಸಕ್ಕೆ ಹುಡುಕ್ತಿದೀರ ಮೇಡಂ?"

"ಲ್ಯಾಬ್‌ಗೇ."

"ನನ್ನ ಜಾಗಕ್ಕಾ?"

ಆಕೆ ಚೀಲವನ್ನು ಹೆಗಲಿಗೇರಿಸಿಕೊಂಡಳು. "ಅದನ್ನ ನಿಮ್ಮ ಸಾರ್ ಹೇಳ್ಬೇಕು ಮೇಡಂ. ಅವರು ನನ್ನ ಹತ್ರ ಹೇಳಿದ್ದೂ ನನ್ನ ಹತ್ರಾನೇ ಇರತ್ತೆ."

ಆ ದಿನವೆಲ್ಲ ಬಣ್ಣದಕ್ಕ ಊಟ ಮುಟ್ಟಲಿಲ್ಲ. ಬೂದು ಬಣ್ಣದ ತುಂಡೊಂದನ್ನು ಮತ್ತೆ ಮತ್ತೆ ಲೈಟ್ ಬಾಕ್ಸಿನಲ್ಲಿಟ್ಟು ನೋಡಿದರೂ ತೀರ್ಮಾನಕ್ಕೆ ಬರಲಾಗಲಿಲ್ಲ. ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಕರೆಯಿಲ್ಲದೆ ತಾನಾಗಿಯೇ ಮಾಲೀಕರ ಬಾಗಿಲು ತಟ್ಟಿದಳು. ಒಳಗೆ ಹೋಗಿ, ಅವರು ಹೇಳುವ ಮೊದಲೇ ಕುರ್ಚಿ ಎಳೆದು ಕೂತಳು.

"ಸಾರ್, ಲ್ಯಾಬ್‌ಗೆ ಯಾರು ಬರ್ತಿದಾರೆ?"

"ರಾತ್ರಿ ಪಾಳಿ ಶುರು ಮಾಡೋಣ ಅಂತ. ನಿಮ್ಮ ಕೆಳಗೆ ಒಬ್ಬರು. ನೀವೇ ಪರೀಕ್ಷೆ ಮಾಡಿ ಆರಿಸ್ಬೇಕು. ಯಾಕೆ?"

"ಏನಿಲ್ಲ ಸಾರ್" ಎಂದಳು. ಎದ್ದು ಬಾಗಿಲವರೆಗೆ ಹೋದವಳು ಅಲ್ಲಿಂದ ವಾಪಸು ಬಂದು, "ನನ್ನ ಕೆಳಗೇ ತಾನೇ ಸಾರ್?" ಎಂದು ಮತ್ತೊಮ್ಮೆ ಕೇಳಿದಳು.